ಶಕುಂತಲಮ್ಮ ಎಂದೂ ಕೇಳದ ಪ್ರಶ್ನೆ

ಗುಬ್ಬಿ ತಾಲ್ಲೂಕು ಕಚೇರಿಯ ಕಾಂಪೌಂಡಿನ ಹೊರಗೆ, ಹೊಂಗೆಮರದ ಕೆಳಗೆ ಇಪ್ಪತ್ತೇಳು ವರ್ಷ ಮೇಜು ಹಾಕಿಕೊಂಡು ಕೂತವರು ಶಕುಂತಲಮ್ಮ. ಅರ್ಜಿ ಬರೆಯುವುದು ಅವರ ಕಸುಬು. ಖಾತೆ ಬದಲಾವಣೆ, ರೇಷನ್ ಕಾರ್ಡು, ಜಮೀನಿನ ಪೋಡಿ, ಬೀದಿ ನಲ್ಲಿ, ಏನೇ ಇರಲಿ, ಕಾಗದದ ಮೇಲೆ ಇಳಿಸಿ ಕೊಡುತ್ತಿದ್ದರು. ಆ ಕಚೇರಿಯಲ್ಲಿ ಅವರ ಕೈಬರಹ ಇಲ್ಲದ ಕಡತದ ಕಟ್ಟು ಯಾವುದಾದರೂ ಇದ್ದರೆ ಅದನ್ನು ಇಲಿ ತಿಂದಿದೆ ಎಂದೇ ತಿಳಿಯಬೇಕು.

ಮೇಜು ಅವರ ಅಪ್ಪನದು. ಅಪ್ಪನ ಕೈ ನಡುಗತೊಡಗಿದಾಗ ಮಗಳು ಪೆನ್ನು ಹಿಡಿದಳು. ಹೆಂಗಸು ಬೀದಿಯಲ್ಲಿ ಕೂತು ಗಂಡಸರ ವ್ಯಾಜ್ಯ ಬರೆಯುವುದು ಯಾವ ಸೀಮೆಯ ಪದ್ಧತಿ ಎಂದು ಮೂಗು ಮುರಿದವರು ಬಹಳ. ಮೂಗು ಮುರಿದವರಿಗೂ ಒಂದು ದಿನ ಅರ್ಜಿ ಬೇಕಾಯಿತು. ಅವರು ಬಂದಾಗ ಶಕುಂತಲಮ್ಮ ಏನೂ ಅನ್ನಲಿಲ್ಲ, ಬೇರೆಯವರದು ಬರೆದು ಮುಗಿಯುವ ತನಕ ಬಿಸಿಲಲ್ಲಿ ನಿಲ್ಲಿಸಿದರು, ಅಷ್ಟೇ.

ಅಂಥ ಶಕುಂತಲಮ್ಮನ ಮೇಜಿನ ಮುಂದೆ ಹೋದ ವರ್ಷ ಒಬ್ಬ ಬಂದು ಕೂತ. ಹೆಸರು ಭಾನುಪ್ರಕಾಶ್. ಮೂವತ್ತೈದರ ಆಸುಪಾಸಿನವನು, ಕುಣಿಗಲ್ ಕಡೆಯವನು, ತುಮಕೂರಿನಲ್ಲಿ ಒಂದು ಸಣ್ಣ ಸಂಸ್ಥೆ ನಡೆಸುವವನು. ಅರ್ಧ ದಿನ ಸುಮ್ಮನೆ ಅವರು ಬರೆಯುವುದನ್ನೇ ನೋಡಿದ. ಆಮೇಲೆ ಕೇಳಿದ.

"ಅಮ್ಮ, ನೀವು ಮಾಡ್ತಿರೋ ಕೆಲಸಾನ ಒಂದು ಮಿಷನ್ನಿಗೆ ಕಲಿಸ್ಬೇಕು. ಜನ ಮಾತಾಡಿದ್ರೆ ಅದೇ ಅರ್ಜಿ ಬರೀಬೇಕು. ನಿಮ್ಮಿಂದ ಆಗುತ್ತಾ?"

"ನನ್ನ ಹೊಟ್ಟೆ ಮೇಲೆ ನಾನೇ ಹೊಡ್ಕೊಳೋ ಕೆಲಸ ಅನ್ನು" ಎಂದರು ಶಕುಂತಲಮ್ಮ. ಆದರೂ ಬೇಡ ಎನ್ನಲಿಲ್ಲ. ಕಣ್ಣಿಗೆ ಪೊರೆ ಬಂದಿತ್ತು, ಸಂಜೆ ನಾಲ್ಕರ ಮೇಲೆ ಅಕ್ಷರ ಕೂಡಿಕೊಳ್ಳುತ್ತಿತ್ತು. ತಾನು ಎದ್ದು ಹೋದ ಮೇಲೆ ಈ ಮರದ ಕೆಳಗೆ ಯಾರು ಕೂರುತ್ತಾರೆ? ದಲ್ಲಾಳಿಗಳು. ಅವರು ಅರ್ಜಿಯನ್ನೂ ಬರೆಯುತ್ತಾರೆ, ಬರೆಸಿದವರ ಚರ್ಮವನ್ನೂ ಸುಲಿಯುತ್ತಾರೆ. ಅದಕ್ಕಿಂತ ಮಿಷನ್ನು ವಾಸಿ ಎಂದುಕೊಂಡರು.

ಮಿಷನ್ನಿನ ಹೆಸರು ನುಡಿಗೆಳತಿ. ನೋಡಲು ಸ್ಲೇಟಿನಂಥ ಒಂದು ಟ್ಯಾಬು, ಪಕ್ಕದಲ್ಲಿ ಮೈಕು, ಪುಟ್ಟ ಪ್ರಿಂಟರು. ಅದು ಕನ್ನಡದಲ್ಲಿ ಒಂದೊಂದೇ ಪ್ರಶ್ನೆ ಕೇಳುತ್ತದೆ. ಎದುರಿಗೆ ಕೂತವರು ಬಾಯಿಮಾತಲ್ಲಿ ಹೇಳಿದ್ದನ್ನು ಅಕ್ಷರ ಮಾಡಿಕೊಂಡು ಅರ್ಜಿಯ ನಮೂನೆಗೆ ತುಂಬುತ್ತದೆ. ಕೊನೆಗೆ ಇಡೀ ಅರ್ಜಿಯನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಸರಿ ಎಂದರೆ ಅಚ್ಚು ಹಾಕಿ ಕೊಡುತ್ತದೆ. ಓದು ಬರಹ ಬಾರದವರು ಇನ್ನೊಬ್ಬರ ಕೈಕಾಲು ಹಿಡಿಯದೆ ತಮ್ಮ ಅರ್ಜಿ ತಾವೇ ಬರೆಸಬಹುದು. ಕೆಟ್ಟ ಆಲೋಚನೆ ಅಲ್ಲವೇ ಅಲ್ಲ.

ಅದಕ್ಕೆ ನಮ್ಮ ಸೀಮೆಯ ಮಾತು ತಿಳಿಯಬೇಕಲ್ಲ? ಕಿವಿಗೆ ಬಿದ್ದಷ್ಟೇ ಅದಕ್ಕೆ ಬರುವುದು. ಶಕುಂತಲಮ್ಮ ಮೂರು ತಿಂಗಳು ಕೋರ, ಕಡಬ, ಕೊತ್ತಗೆರೆ ಎಂದು ಊರೂರು ತಿರುಗಿ, ಒಪ್ಪಿದವರ ಮಾತನ್ನೆಲ್ಲ ರೆಕಾರ್ಡು ಮಾಡಿಸಿದರು. ಒಂದೊಂದನ್ನೂ ಕೇಳಿಸಿಕೊಂಡು ಏನು ಹೇಳಿದರು ಎಂದು ಬರೆಸಿದರು. ಆ ಮಾತು, ಆ ಬರಹ ಎರಡನ್ನೂ ಉಣಿಸಿದ ಮೇಲೆ ಮಿಷನ್ನು ನಮ್ಮವರ ಮಾತನ್ನು ಚೆನ್ನಾಗಿಯೇ ಹಿಡಿಯಿತು. ಹಲ್ಲಿಲ್ಲದ ಮುದುಕರ ಮಾತನ್ನೂ ಬಿಡಲಿಲ್ಲ. ಶಕುಂತಲಮ್ಮನಿಗೆ ಹೆಮ್ಮೆಯೋ ಹೆಮ್ಮೆ. ಸಂತೆಯಲ್ಲಿ ಸಿಕ್ಕವರಿಗೆಲ್ಲ, "ನನ್ನ ಮೇಜಿಗಿಂತ ಚೆನ್ನಾಗಿ ಕೇಳುಸ್ಕೊಳುತ್ತೆ, ಹೋಗಿ ನೋಡಿ" ಎಂದು ಹೇಳಿಕೊಂಡು ಬಂದರು.

ಏನೇನು ಪ್ರಶ್ನೆ ಕೇಳಬೇಕು ಎಂಬ ಪಟ್ಟಿಯನ್ನೂ ಅವರೇ ಬರೆಸಿದರು. ಭಾನುಪ್ರಕಾಶ ಕೇಳಿದ, ಅವರು ಬಾಯಿಪಾಠ ಒಪ್ಪಿಸಿದ ಹಾಗೆ ಹೇಳಿದರು: ಒಂದು, ಹೆಸರು. ಎರಡು, ಊರು. ಮೂರು, ಹೆಂಗಸರಾದರೆ ಗಂಡನ ಹೆಸರು, ಗಂಡಸರಾದರೆ ತಂದೆಯ ಹೆಸರು. ನಾಲ್ಕು, ಅರ್ಜಿಯ ವಿಷಯ. ಇಪ್ಪತ್ತೇಳು ವರ್ಷ ಕೈ ಅದೇ ಸಾಲಿನಲ್ಲಿ ಓಡಿತ್ತು. ಆ ಪಟ್ಟಿಯಲ್ಲಿ ತಪ್ಪಿದೆ ಎಂದು ಅವತ್ತು ಬ್ರಹ್ಮ ಬಂದು ಹೇಳಿದರೂ ಅವರು ನಂಬುತ್ತಿರಲಿಲ್ಲ.

ತಪ್ಪು ಗೊತ್ತಾದದ್ದು ಕಡಬದ ಕೆರೆಯಾಚೆಯ ಒಂದು ಸಣ್ಣ ಹಳ್ಳಿಯಲ್ಲಿ. ಅಲ್ಲಿನ ಪಂಚಾಯ್ತಿ ಕಟ್ಟೆಯ ಮೇಲೆ ಮಿಷನ್ನು ಇಟ್ಟು ಪರೀಕ್ಷೆ ನಡೆಯುತ್ತಿತ್ತು. ಶಕುಂತಲಮ್ಮನ ಜೊತೆಗೆ ಬಂದಿದ್ದವಳು ನಂದಿತಾ, ಸಂಸ್ಥೆಯ ಇಂಜಿನಿಯರು, ಮಿಷನ್ನಿನ ಒಳಗಿನದೆಲ್ಲ ಬರೆದವಳು. ಐದಾರು ಜನ ಆದ ಮೇಲೆ ಪುಟ್ಟತಾಯಮ್ಮ ಬಂದರು. ಎಪ್ಪತ್ತರ ಹತ್ತಿರದ ಗಟ್ಟಿ ಜೀವ. ಗಂಡ ಹೋಗಿ ಎಂಟು ವರ್ಷವಾದರೂ ಮನೆಯ ಖಾತೆ ಇನ್ನೂ ಆತನ ಹೆಸರಿನಲ್ಲೇ ಇತ್ತು. ಹೋದ ಮಳೆಗೆ ಹಿತ್ತಿಲ ಗೋಡೆ ಕುಸಿದಿತ್ತು. ಮನೆ ರಿಪೇರಿಯ ಪಟ್ಟಿಗೆ ಸೇರಬೇಕಾದರೆ ಖಾತೆ ತನ್ನ ಹೆಸರಿಗೆ ಆಗಬೇಕು, ಖಾತೆ ಆಗಬೇಕಾದರೆ ಅರ್ಜಿ ಬೇಕು.

ಹೆಸರು ಕೇಳಿತು, ಹೇಳಿದರು. ಊರು ಕೇಳಿತು, ಹೇಳಿದರು. "ನಿಮ್ಮ ಗಂಡನ ಹೆಸರು ಹೇಳಿ" ಎಂದಿತು ಮಿಷನ್ನು.

ಪುಟ್ಟತಾಯಮ್ಮ ಸೆರಗು ಸರಿಮಾಡಿಕೊಂಡರು. ಶಕುಂತಲಮ್ಮನ ಮುಖ ನೋಡಿ ನಕ್ಕರು. ಆರು ಸೆಕೆಂಡು ಕಾದು ಮಿಷನ್ನು ಮತ್ತೆ ಕೇಳಿತು. ಈ ಸಲ ಪಕ್ಕದಲ್ಲಿ ನಿಂತಿದ್ದ ವಾರಗಿತ್ತಿ ಮಹಾಲಕ್ಷ್ಮಮ್ಮ ತಾನೇ ಬಗ್ಗಿ ಭಾವನ ಹೆಸರು ಹೇಳಿದಳು. "ಬೇರೆಯವರ ದನಿ ಕೇಳುತ್ತಿದೆ, ಅರ್ಜಿದಾರರೇ ಹೇಳಬೇಕು" ಎಂದಿತು ಮಿಷನ್ನು. ಮೂರನೇ ಸಲ ಕೇಳಿತು. ಪುಟ್ಟತಾಯಮ್ಮ ತುಟಿ ಬಿಗಿದು ಕೂತರು. "ಉತ್ತರ ಬಾರದ ಕಾರಣ ಅರ್ಜಿ ರದ್ದಾಗಿದೆ. ಧನ್ಯವಾದ" ಎಂದು ಪರದೆ ಆರಿತು.

"ಅದ್ಯಾಕವ್ವ ಆರೋಯ್ತು?" ಎಂದರು ಪುಟ್ಟತಾಯಮ್ಮ.

ಶಕುಂತಲಮ್ಮನಿಗೆ ಆಗ ಹೊಳೆಯಿತು. ನಮ್ಮ ಕಡೆ ಆ ವಯಸ್ಸಿನ ಹೆಂಗಸರು ಗಂಡನ ಹೆಸರು ಬಾಯಲ್ಲಿ ತರುವುದಿಲ್ಲ. ಇದ್ದಾಗಲೂ ಇಲ್ಲ, ಹೋದ ಮೇಲೂ ಇಲ್ಲ. ಇದು ಕತ್ತೆಗೂ ಗೊತ್ತಿರುವ ವಿಷಯ. ಹಾಗಿದ್ದರೆ ಇಷ್ಟು ವರ್ಷ ತಾನು ಹೇಗೆ ಬರೆಯುತ್ತಿದ್ದೆ? ನೆನಪು ಮಾಡಿಕೊಂಡರು. ತಾನು ಆ ಪ್ರಶ್ನೆಯನ್ನು ಕೇಳಿಯೇ ಇರಲಿಲ್ಲ. ಹೆಂಗಸರು ಚೀಲದಿಂದ ತೆಗೆದ ಹಳೇ ಕಾಗದ ನೋಡಿಯೋ, ಜೊತೆಗೆ ಬಂದವರ ಬಾಯಿಂದ ಕೇಳಿಯೋ, ಹೆಸರನ್ನು ತಾವೇ ಹೇಳುತ್ತಿದ್ದರು. ಎದುರಿಗಿದ್ದವರು ತಲೆ ಆಡಿಸುತ್ತಿದ್ದರು. ಕೈ ಬರೆದುಕೊಂಡು ಮುಂದೆ ಹೋಗುತ್ತಿತ್ತು. ಸಾವಿರಾರು ಸಲ ಹಾಗೆ ಮಾಡಿದವರು, ಪಟ್ಟಿ ಬರೆಸುವಾಗ ಮಾತ್ರ ಸಲೀಸಾಗಿ 'ಗಂಡನ ಹೆಸರು' ಎಂದು ಬರೆಸಿಬಿಟ್ಟಿದ್ದರು. ತಲೆ ಆಡಿಸಿದ್ದನ್ನು ಮಿಷನ್ನು ಎಲ್ಲಿಂದ ನೋಡಬೇಕು!

"ಇವಳ ಬುದ್ಧೀಗಿಷ್ಟು ಬೆಂಕಿ ಹಾಕ" ಎಂದು ತನ್ನನ್ನೇ ಬೈದುಕೊಂಡು, ಅಲ್ಲೇ ಕಟ್ಟೆಯ ಮೇಲೆ ಬಿಳಿ ಹಾಳೆ ತೆಗೆದು ಪುಟ್ಟತಾಯಮ್ಮನ ಅರ್ಜಿಯನ್ನು ಕೈಯಲ್ಲೇ ಬರೆದುಕೊಟ್ಟರು. ಕಟ್ಟೆಯ ಹಿಂದಿನ ಪಂಚಾಯ್ತಿ ಕಚೇರಿಯ ಗುಮಾಸ್ತ ಚಿಕ್ಕಮಾರಯ್ಯ ಅದನ್ನು ತಿರುಗಿಸಿ ನೋಡಿ ವಾಪಸ್ಸು ಕೊಟ್ಟ.

"ಬರೋ ತಿಂಗಳಿಂದ ಮಿಷನ್ನಲ್ಲೇ ಬರ್ಬೇಕು ಅಂತ ಮೇಲಿಂದ ಹೇಳವ್ರೆ. ಈಗ್ಲಿಂದ್ಲೇ ಅಭ್ಯಾಸ ಆಗ್ಲಿ ಬುಡಿ. ನೀವೇ ತಂದಿದ್ದಲ್ವಾ?"

ಈ ಮಾತು ಶಕುಂತಲಮ್ಮನಿಗೆ ಚಪ್ಪಲಿಯಲ್ಲಿ ಹೊಡೆದ ಹಾಗಾಯಿತು. ಪುಟ್ಟತಾಯಮ್ಮ ಮಾತ್ರ ಕಾಗದವನ್ನು ನಾಲ್ಕಾಗಿ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, "ಆಗ್ಲಿ ಬುಡವ್ವ, ನಂಗೇನು ಹೊಸದಾ" ಎಂದು ಎದ್ದು ಹೋದರು. ಆ ಮಾತು ಇನ್ನೂ ಹೆಚ್ಚು ನೋಯಿಸಿತು.

ಮರುದಿನ ತುಮಕೂರಿನ ಆಫೀಸಿಗೆ ಹೋದಾಗ ಭಾನುಪ್ರಕಾಶ ವರದಿ ಸಿದ್ಧಮಾಡಿ ಇಟ್ಟುಕೊಂಡಿದ್ದ. ಮುನ್ನೂರ ಹನ್ನೆರಡು ಜನ ಮಿಷನ್ನಿನ ಮುಂದೆ ಕೂತಿದ್ದರು. ಅದರಲ್ಲಿ ಎಪ್ಪತ್ತೊಂದನ್ನು 'ಅಪೂರ್ಣ' ಎಂದು ತೆಗೆದುಹಾಕಿದ್ದರು. ಉಳಿದ ಇನ್ನೂರ ನಲವತ್ತೊಂದರಲ್ಲಿ ಇನ್ನೂರ ಇಪ್ಪತ್ತೊಂಬತ್ತು ಸರಿ. ನೂರಕ್ಕೆ ತೊಂಬತ್ತೈದು. ಕೆಳಗೆ ಕ್ಷೇತ್ರ ಮೇಲ್ವಿಚಾರಕರ ಸಹಿ ಎಂದು ಜಾಗ ಬಿಟ್ಟಿತ್ತು. ಅದು ಶಕುಂತಲಮ್ಮನ ಜಾಗ. ಆ ಸಹಿ ಬಿದ್ದರೆ ಹದಿನೈದು ದಿನದಲ್ಲಿ ನಲವತ್ತು ಪಂಚಾಯ್ತಿಗೆ ಮಿಷನ್ನು ಹೋಗುತ್ತದೆ.

"ಆ ಎಪ್ಪತ್ತೊಂದು ಯಾರು?" ಎಂದರು ಶಕುಂತಲಮ್ಮ.

"ಖಾಲಿ ಫೈಲುಗಳಮ್ಮ. ಏನೂ ಮಾತಾಡಿಲ್ಲ. ಮಾತೇ ಇಲ್ಲದಿದ್ರೆ ಮಿಷನ್ನು ಸರಿಯಾಗಿ ಬರೀತಾ, ತಪ್ಪು ಬರೀತಾ ಅಂತ ಲೆಕ್ಕ ಹಾಕೋದು ಹೇಗೆ?"

"ಖಾಲೀನೋ ಅಲ್ವೋ ಕೇಳಿ ಹೇಳ್ತೀನಿ, ಕೊಡು."

ನಂದಿತಾ ಹೆಡ್‌ಫೋನು ಹಾಕಿಕೊಟ್ಟಳು. ಶಕುಂತಲಮ್ಮ ಬೆಳಗ್ಗೆ ಹತ್ತಕ್ಕೆ ಕೂತವರು ಮೂರಕ್ಕೆ ಎದ್ದರು. ಅವನು ಖಾಲಿ ಎಂದ ಫೈಲು ಒಂದೂ ಖಾಲಿ ಇರಲಿಲ್ಲ. ಬಳೆಯ ಸದ್ದಿತ್ತು. ಕಿಸಕ್ಕನೆ ನಕ್ಕ ನಗೆ ಇತ್ತು. "ಹೇಳ್ಬಾರ್ದು ಕಣಪ್ಪ" ಎಂಬ ಪಿಸುಮಾತಿತ್ತು. ಜೊತೆಗೆ ಬಂದವರು ಹೆಸರು ಹೇಳಿಕೊಟ್ಟದ್ದಿತ್ತು, ಅದನ್ನು ಮಿಷನ್ನು ಬೇರೆಯವರ ದನಿ ಎಂದು ತಳ್ಳಿದ್ದೂ ಇತ್ತು. ಕೊತ್ತಗೆರೆಯ ಒಬ್ಬಳಂತೂ ಮೂರು ಸಲವೂ ಉಸಿರು ಬಿಗಿಹಿಡಿದು ಕೂತಿದ್ದಳು, ಕೊನೆಗೆ ಬಿಟ್ಟ ನಿಟ್ಟುಸಿರು ಕಿವಿಗೆ ಬಡಿಯಿತು. ಎಪ್ಪತ್ತೊಂದರಲ್ಲಿ ನೆಟ್‌ವರ್ಕು ಹೋಗಿ, ಬಸ್ಸಿನ ಹಾರನ್ನು ಬಿದ್ದು ಕೆಟ್ಟವು ಹದಿಮೂರು. ಉಳಿದ ಐವತ್ತೆಂಟೂ ಮೂರನೇ ಪ್ರಶ್ನೆಯಲ್ಲೇ ನಿಂತಿದ್ದವು.

"ಸರಿ ಅಂತ ಎಣಿಸಿರೋದ್ನೂ ತೋರ್ಸಮ್ಮ" ಎಂದರು. ನಂದಿತಾ ಆ ಅರ್ಜಿಗಳನ್ನು ತೆರೆದಳು. ಅದರಲ್ಲಿ ಹದಿಮೂರರಲ್ಲಿ ಗಂಡನ ಹೆಸರಿನ ಮುಂದೆ 'ನಮ್ಮೆಜಮಾನ್ರು', 'ನಮ್ಮ ಮಧುಶ್ರೀ ಅಪ್ಪ', 'ಮನೆಯೋರು' ಎಂದು ಅಚ್ಚಾಗಿತ್ತು. ಹೇಳಿದ ಮಾತನ್ನು ಹೇಳಿದ ಹಾಗೇ ಬರೆದಿದೆ, ಆದ್ದರಿಂದ ಸರಿ ಎಂದು ಲೆಕ್ಕಕ್ಕೆ ಹಿಡಿದಿದ್ದರು. ಅಂಥ ಅರ್ಜಿಯನ್ನು ಚಿಕ್ಕಮಾರಯ್ಯನಂಥವನ ಕೈಗೆ ಕೊಟ್ಟರೆ ಅವನು ಬಚ್ಚಲ ಒಲೆಗೆ ಹಾಕುತ್ತಾನೆ.

ನಂದಿತಾಳ ಮುಖ ಸಣ್ಣದಾಯಿತು. "ಆಂಟಿ, ನಾನು ಅಕ್ಷರ ಸರಿ ಇದೆಯಾ ಅಂತ ಮಾತ್ರ ನೋಡ್ದೆ. ಅರ್ಜಿ ಕೆಲಸಕ್ಕೆ ಬರುತ್ತಾ ಅಂತ ನೋಡ್ಲೇ ಇಲ್ಲ."

"ನಾನೂ ಹಂಗೇ ಕಣಮ್ಮ. ಈಗ ಕೂಡು."

ಕೂಡಿದಳು. ಮುನ್ನೂರ ಹನ್ನೆರಡು ಜನ ಬಂದಿದ್ದರು, ಕೆಲಸಕ್ಕೆ ಬರುವ ಅರ್ಜಿ ಇನ್ನೂರ ಹದಿನಾರು. ನೂರಕ್ಕೆ ಅರವತ್ತೊಂಬತ್ತು.

ಭಾನುಪ್ರಕಾಶ ಆ ಅಂಕಿ ನೋಡಿ ತಲೆ ಮೇಲೆ ಕೈಹೊತ್ತ. ಕೆಟ್ಟವನಲ್ಲ ಅವನು, ಅದನ್ನು ಹೇಳಲೇಬೇಕು. ದಲ್ಲಾಳಿಗಳು ಮುದುಕಿಯರ ಹೆಸರಲ್ಲಿ ತಾವೇ ಮಾತಾಡಿಬಿಡುತ್ತಾರೆ ಎಂದೇ ಎರಡನೇ ದನಿಯನ್ನು ತಡೆಯುವ ಏರ್ಪಾಡು ಮಾಡಿದ್ದ. ಆದರೆ ವರ್ಷಗಟ್ಟಲೆ ಓಡಾಡಿ ಜಿಲ್ಲಾ ಪಂಚಾಯ್ತಿಯ ದೊಡ್ಡ ಸಾಹೇಬರನ್ನು ಒಪ್ಪಿಸಿದ್ದ. ಮುಂದಿನ ಗುರುವಾರ ತುಮಕೂರಿನಲ್ಲಿ ಅವರ ಮುಂದೆ ಪ್ರದರ್ಶನವಿತ್ತು.

"ಅಮ್ಮ, ಈಗ ಸಹಿ ಹಾಕ್ಬಿಡಿ. ಮೊದಲು ಮಿಷನ್ನು ಹೋಗ್ಲಿ. ಮುಂದಿನ ವರ್ಷ ಇದನ್ನ ಸರಿ ಮಾಡೋಣ. ಅಷ್ಟರಲ್ಲಿ ಜನಾನೂ ಕಲ್ತ್ಕೊತಾರೆ. ಇದೊಂದು ಮೂಢನಂಬಿಕೆ ತಾನೇ? ಹೆಸರು ಹೇಳಿದ್ರೆ ಏನಾಗುತ್ತೆ?"

"ಏನೂ ಆಗಲ್ಲ" ಎಂದರು ಶಕುಂತಲಮ್ಮ. "ಮೂಢನಂಬಿಕೆ ಅಂತ್ಲೇ ಇಟ್ಕೊ. ಮೂಢರಿಗೆ ಮನೆ ಖಾತೆ ಆಗ್ಬಾರ್ದು ಅಂತ ಎಲ್ಲಿ ಬರ್ದೈತೆ? ಪುಟ್ಟತಾಯಕ್ಕನ ಗೋಡೆ ಮುಂದಿನ ವರ್ಷದವರ್ಗೂ ಕಾಯುತ್ತಾ?"

"ಪಟ್ಟಿ ಬರೆಸಿದ್ದು ನೀವೇ ಅಲ್ವಾ ಅಮ್ಮ?"

"ಹೌದು. ತಪ್ಪು ನಂದೇ. ಅದುಕ್ಕೇ ಸಹಿ ಹಾಕಲ್ಲ. ತಪ್ಪು ಮಾಡೋದೂ ನಾನೇ, ಸರಿ ಇದೆ ಅಂತ ಸಹಿ ಹಾಕೋದೂ ನಾನೇ, ಆಮೇಲೆ ಐವತ್ತೆಂಟು ಜನ ಹೆಂಗಸ್ರು ಬಾಯಿಲ್ಲದೋರು ಅಂತ ಕಾಗದದಲ್ಲಿ ಕೂರೋದು. ಅದು ಆಗೋ ಮಾತಲ್ಲ ಕಣಪ್ಪ."

"ಹಾಗಾದ್ರೆ ನಿಮ್ಮ ಸಹಿ ಇಲ್ದೇನೇ ಕೊಡ್ತೀನಿ."

"ಕೊಡು. ನಿನ್ನ ಕೈ, ನಿನ್ನ ಪೆನ್ನು."

ಅಲ್ಲಿಗೆ ಮಾತು ಮುರಿಯಿತು. ಶಕುಂತಲಮ್ಮ ಬಸ್ಸು ಹತ್ತಿ ಗುಬ್ಬಿಗೆ ಬಂದರು. ಮನೆಯಲ್ಲಿ ಯಜಮಾನರು, ಅಂದರೆ ನಿವೃತ್ತ ಬಸ್ ಕಂಡಕ್ಟರು, ರೊಟ್ಟಿಗೆ ಚಟ್ನಿ ಅರೆಯುತ್ತಿದ್ದರು. ವಿಷಯವೆಲ್ಲ ಕೇಳಿ, "ಹೆಸರು ಹೇಳಲ್ಲ ಅನ್ನೋರ ಪರವಾಗಿ ಇಷ್ಟು ಬಾಯಿ ಮಾಡೋಳು ನೀನೊಬ್ಳೇ ಕಣೆ" ಎಂದು ನಕ್ಕರು. ಆ ಯಜಮಾನರ ಹೆಸರು ಏನು ಎಂದು ಕೇಳಬೇಡಿ. ಮನೆಯವರೇ ಹೇಳದ ಹೆಸರನ್ನು ನಾನು ಹೇಳಿ ಯಾಕೆ ಮಾತು ಕೇಳಲಿ?

ಗುರುವಾರ ಬಂತು. ಕರೆಯದಿದ್ದರೂ ಹೋಗುವುದೆಂದು ಶಕುಂತಲಮ್ಮ ಸೀರೆ ಉಟ್ಟು ನಿಂತಿದ್ದರು, ಅಷ್ಟರಲ್ಲಿ ಭಾನುಪ್ರಕಾಶನ ಫೋನೇ ಬಂತು. ಸಾಹೇಬರ ಮುಂದೆ ಮಿಷನ್ನಿಗೆ ಮಾತಾಡಿ ತೋರಿಸಲು ಹಳ್ಳಿಯ ಕಡೆಯ ಹೆಂಗಸು ಬೇಕಿತ್ತು. ಇವರ ಮಾತನ್ನು ಮಿಷನ್ನು ಕಣ್ಣು ಮುಚ್ಚಿಕೊಂಡು ಹಿಡಿಯುತ್ತಿತ್ತು, ಮೂರು ತಿಂಗಳು ಊರೂರಲ್ಲೂ ಮೊದಲು ಇವರ ದನಿ ಕೇಳಿಯೇ ಬೆಳೆದದ್ದಲ್ಲವೇ. "ಜಗಳ ಆಮೇಲೆ ಆಡೋಣ ಅಮ್ಮ, ಇವತ್ತು ಸುಮ್ಮನೆ ಕೂತು ನಾಲ್ಕು ಪ್ರಶ್ನೆಗೆ ಉತ್ತರ ಹೇಳಿ, ಸಾಕು" ಎಂದ. ಅವರು ಬರುತ್ತೇನೆ ಎಂದಷ್ಟೇ ಹೇಳಿದರು.

ಸಭೆಯಲ್ಲಿ ನಲವತ್ತು ಜನ ಇದ್ದರು. ಮುಂದಿನ ಸಾಲಿನಲ್ಲಿ ಸಾಹೇಬರು, ಪಂಚಾಯ್ತಿಗಳ ಕಡೆಯವರು. ಭಾನುಪ್ರಕಾಶ ತೊಂಬತ್ತೈದರ ಅಂಕಿಯನ್ನು ದೊಡ್ಡ ಪರದೆಯ ಮೇಲೆ ತೋರಿಸಿದ. ಚಪ್ಪಾಳೆ ಬಿತ್ತು. ನಂದಿತಾ ಲ್ಯಾಪ್‌ಟಾಪಿನ ಹಿಂದೆ ತಲೆ ತಗ್ಗಿಸಿ ಕೂತಿದ್ದಳು. ಆಮೇಲೆ ಶಕುಂತಲಮ್ಮ ಮಿಷನ್ನಿನ ಎದುರು ಕೂತರು.

"ನಿಮ್ಮ ಹೆಸರು ಹೇಳಿ."

"ಶಕುಂತಲಮ್ಮ."

"ನಿಮ್ಮ ಊರು ಹೇಳಿ."

"ಗುಬ್ಬಿ."

ಎರಡೂ ಉತ್ತರಗಳು ಪರದೆಯ ಮೇಲೆ ಮುತ್ತಿನ ಹಾಗೆ ಮೂಡಿದವು. ಜನ ಮೆಚ್ಚಿ ತಲೆದೂಗಿದರು.

"ನಿಮ್ಮ ಗಂಡನ ಹೆಸರು ಹೇಳಿ."

ಶಕುಂತಲಮ್ಮ ಕೈ ಕಟ್ಟಿ ಕೂತರು. ಅಂಥ ಸಭೆಯಲ್ಲಿ ಆರು ಸೆಕೆಂಡು ಎಷ್ಟು ಉದ್ದ ಎಂಬುದು ಕೂತವರಿಗೇ ಗೊತ್ತು. ಭಾನುಪ್ರಕಾಶ ಮೊದಲು ಮುಗುಳ್ನಕ್ಕ, ಆಮೇಲೆ ಕಣ್ಣಲ್ಲೇ ಸನ್ನೆ ಮಾಡಿದ. ಮಿಷನ್ನು ಎರಡನೇ ಸಲ ಕೇಳಿತು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. "ಮೈಕು ಆಫ್ ಆಗೈತೇನೋ ನೋಡಿ" ಎಂದು ಒಬ್ಬರು ಕೂಗಿದರು. "ಮೈಕು ಸರಿ ಇದೆ" ಎಂದಳು ನಂದಿತಾ, ತಲೆ ಎತ್ತಿ. ಮೂರನೇ ಸಲ ಕೇಳಿತು. ಶಕುಂತಲಮ್ಮನ ತುಟಿ ಅಲುಗಲಿಲ್ಲ.

"ಉತ್ತರ ಬಾರದ ಕಾರಣ ಅರ್ಜಿ ರದ್ದಾಗಿದೆ. ಧನ್ಯವಾದ."

ಸಾಹೇಬರು ಮುಂದಕ್ಕೆ ಬಗ್ಗಿದರು. "ಯಾಕಮ್ಮ, ಮರೆತುಹೋಯ್ತಾ?"

"ಇಲ್ಲ ಸಾರ್. ಮೂವತ್ತೊಂದು ವರ್ಷ ಸಂಸಾರ ಮಾಡಿದೀನಿ, ಮರೀತೀನಾ?"

"ಮತ್ತೆ ಹೇಳಬಹುದಿತ್ತಲ್ಲ."

"ಹೇಳ್ಬೋದಿತ್ತು. ಹೇಳಲ್ಲ." ಶಕುಂತಲಮ್ಮ ಎದ್ದು ನಿಂತರು. "ನಾನು ಓದಿದೋಳು, ಗಟ್ಟಿ ಮನಸ್ಸು ಮಾಡಿದ್ರೆ ಹೇಳ್ತೀನಿ. ಹಳ್ಳೀಲಿರೋ ಐವತ್ತೆಂಟು ಜನ ಹೇಳಲ್ಲ ಸಾರ್. ಅವ್ರು ಬಂದವ್ರೆ, ಕೂತವ್ರೆ, ಹೆಸರು ಊರು ಎಲ್ಲಾ ಹೇಳವ್ರೆ. ಇಲ್ಲಿ ಬಂದು ಸುಮ್ಮನಾಗವ್ರೆ. ಈ ತೊಂಬತ್ತೈದು ಅಂತ ಹಾಕಿದೀರಲ್ಲ, ಅದ್ರಲ್ಲಿ ಅವ್ರು ಇಲ್ಲ. ತೆಗ್ದಾಕಿದಾರೆ. ನೀವು ಮಿಷನ್ನು ಬಿಟ್ಟು ಬೇರೆ ಅರ್ಜಿ ತಗೊಳ್ಳಲ್ಲ ಅಂತೀರಿ. ಹಂಗಾದ್ರೆ ಆ ಹೆಂಗಸ್ರು ಎಲ್ಲಿಗೆ ಹೋಗ್ಬೇಕು, ಅದನ್ನ ಹೇಳಿ. ನಾನು ಇಲ್ಲೇ ನಿಂತಿರ್ತೀನಿ."

ಸಾಹೇಬರು ಭಾನುಪ್ರಕಾಶನ ಕಡೆ ತಿರುಗಿದರು. ಅವನ ಕಿವಿ ಕೆಂಪಾಗಿತ್ತು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ಹೌದು ಸಾರ್" ಎಂದ. ನಂದಿತಾ ಯಾರೂ ಕೇಳದೆಯೇ ಪರದೆಯ ಮೇಲೆ ಅರವತ್ತೊಂಬತ್ತರ ಲೆಕ್ಕ ಹಾಕಿದಳು.

"ನಿಮ್ಮ ಮೇಜಲ್ಲಿ ನೀವೇನು ಮಾಡ್ತಿದ್ರಿ?" ಎಂದರು ಸಾಹೇಬರು.

"ನಾನು ಕೇಳ್ತಾನೇ ಇರ್ಲಿಲ್ಲ ಸಾರ್. ಜೊತೇಲಿ ಬಂದೋರು ಹೇಳೋರು, ಇಲ್ಲ ಕಾಗದ ನೋಡ್ತಿದ್ದೆ. ಹೆಸರು ನಾನು ಹೇಳ್ತಿದ್ದೆ, ಅವ್ರು ಹೂಂ ಅಂತಿದ್ರು. ಹೇಳೋ ಕೆಲಸ ನಂದು, ಒಪ್ಪೋ ಕೆಲಸ ಅವ್ರದು."

ಸಾಹೇಬರು, ಇದು ಸರಿಯಾಗುವ ತನಕ ಮಿಷನ್ನು ಪಂಚಾಯ್ತಿಗೆ ಹೋಗುವುದು ಬೇಡ, ಕೈಬರಹದ ಅರ್ಜಿಯನ್ನು ಯಾರೂ ತಿರುಗಿಸಿ ಕಳಿಸುವ ಹಾಗಿಲ್ಲ ಎಂದರು. ಸಭೆ ಮುಗಿಯಿತು. ಭಾನುಪ್ರಕಾಶ ಶಕುಂತಲಮ್ಮನ ಮುಖ ನೋಡದೆ ಹೋದ. ನಾಲ್ಕು ದಿನ ಫೋನೂ ಮಾಡಲಿಲ್ಲ. ಐದನೇ ದಿನ ಗುಬ್ಬಿಯ ಹೊಂಗೆಮರದ ಕೆಳಗೆ ಬಂದು ಕೂತ. "ನನ್ನ ಮರ್ಯಾದೆ ತೆಗೆದ್ರಿ" ಎಂದ. "ನಂದೂ ಹೋಯ್ತಲ್ಲ, ಪಟ್ಟಿ ಬರೆಸಿದೋಳು ನಾನೇ ಅಂತ ಊರಿಗೆಲ್ಲ ಗೊತ್ತಾಯ್ತು" ಎಂದರು ಇವರು. ಇಬ್ಬರೂ ಟೀ ಕುಡಿದರು. ಹೊಸ ಪಟ್ಟಿ ಬರೆಯಲು ಶುರುಮಾಡಿದರು.

ಪುಟ್ಟತಾಯಮ್ಮನ ಕೈಬರಹದ ಅರ್ಜಿಯನ್ನು ಈಗ ಚಿಕ್ಕಮಾರಯ್ಯ ತೆಗೆದುಕೊಳ್ಳಲೇಬೇಕಿತ್ತು. ಶಕುಂತಲಮ್ಮ ಹೇಳಿಕಳಿಸಿದರು. ಮುದುಕಿ ಒಪ್ಪಲಿಲ್ಲ. "ಎಲ್ರ ಮುಂದೆ ಆರೋಗಿದ್ದು ಅದು. ಎಲ್ರ ಮುಂದೆ ಅದೇ ಬರೀಲಿ. ಅಲ್ಲೀಗಂಟ ನಾನು ಅರ್ಜಿ ಕೊಡಾಕಿಲ್ಲ, ಗೋಡೆ ಬಿದ್ರೆ ಬೀಳ್ಲಿ" ಎಂದು ವಾಪಸ್ಸು ಹೇಳಿಕಳಿಸಿದರು. ಹಟಕ್ಕೆ ಹಟ ಅಂದರೆ ಅದು. ಆರು ವಾರ ಹಿತ್ತಿಲಿಗೆ ತೆಂಗಿನಗರಿಯ ತಡಿಕೆ ಕಟ್ಟಿಕೊಂಡು ಕಾದರು.

ಆರು ವಾರದ ಮೇಲೆ ಅದೇ ಕಟ್ಟೆಯ ಮೇಲೆ ಮಿಷನ್ನು ಮತ್ತೆ ಕೂತಿತು. ಭಾನುಪ್ರಕಾಶ, ನಂದಿತಾ, ಶಕುಂತಲಮ್ಮ ಮೂವರೂ ಬಂದಿದ್ದರು. ಊರಿನ ಹೆಂಗಸರೆಲ್ಲ ಸುತ್ತ ನಿಂತಿದ್ದರು. ಮಿಷನ್ನು ಹೆಸರು ಕೇಳಿತು, ಊರು ಕೇಳಿತು. ಆಮೇಲೆ, "ನಿಮ್ಮ ಗಂಡನ ಹೆಸರನ್ನು ನೀವೇ ಹೇಳಬಹುದು, ಜೊತೆಯವರು ಹೇಳಬಹುದು, ಇಲ್ಲವೇ ಹೆಸರಿರುವ ಕಾಗದವನ್ನು ಕ್ಯಾಮೆರಾ ಮುಂದೆ ಹಿಡಿಯಬಹುದು" ಎಂದಿತು. ಎರಡನೇ ದನಿಗೆ ಆ ಒಂದು ಪ್ರಶ್ನೆಯಲ್ಲಿ ಮಾತ್ರ ಬಾಗಿಲು ತೆರೆದಿದ್ದರು. ಒಪ್ಪಿಗೆ ಮಾತ್ರ ಅರ್ಜಿದಾರರ ದನಿಯಲ್ಲೇ ಬರಬೇಕು, ಬಾರದಿದ್ದರೆ ಹಸಿರು ಗುಂಡಿಯನ್ನಾದರೂ ಅವರೇ ಒತ್ತಬೇಕು.

ಮಹಾಲಕ್ಷ್ಮಮ್ಮ ಬಗ್ಗಿ ಹೇಳಿದಳು. ಮಿಷನ್ನು ಅದನ್ನು ತೆಗೆದುಕೊಂಡು ಪುಟ್ಟತಾಯಮ್ಮನಿಗೆ ಓದಿ ಹೇಳಿತು.

"ನಿಮ್ಮ ಗಂಡನ ಹೆಸರು ಕರಿಸಿದ್ದಪ್ಪ. ಸರಿಯೇ?"

ಪುಟ್ಟತಾಯಮ್ಮ ಮಾತಾಡಲಿಲ್ಲ. ಮುಖ ಗಂಟು ಹಾಕಿಕೊಂಡು ಮಿಷನ್ನನ್ನೇ ನೋಡಿದರು. ಅದು ಮತ್ತೆ ಕೇಳಿತು. ಮತ್ತೂ ಸುಮ್ಮನಿದ್ದರು.

"ಯಾಕಕ್ಕ, ಹೆಸರು ಸರಿ ಇಲ್ವಾ?" ಎಂದರು ಶಕುಂತಲಮ್ಮ.

"ಹೆಸರು ಸರಿ ಅದೆ ಕಣವ್ವ. ಇದ್ಯಾವ ಸೀಮೆ ಮರ್ವಾದೆ? ನಮ್ಮೂರಲ್ಲಿ ಅವ್ರನ್ನ ಒಬ್ರೂ ಹಂಗೆ ಬರೀ ಹೆಸರಿಡಿದು ಕೂಗ್ದೋರಿಲ್ಲ. ನೆನ್ನೆ ಮೊನ್ನೆ ಹುಟ್ಟಿದ್ದು ಇದು ಕೂಗ್ತದಲ್ಲ. ಮರ್ವಾದೆ ಕೊಟ್ಟು ಕೇಳ್ಲಿ, ಹೇಳ್ತೀನಿ."

ಸುತ್ತ ನಿಂತವರು ನಗಲಿಲ್ಲ. ಹೌದು ಹೌದು ಎಂದು ಒಬ್ಬೊಬ್ಬರೇ ದನಿಗೂಡಿಸಿದರು. ಭಾನುಪ್ರಕಾಶ ಶಕುಂತಲಮ್ಮನ ಕಡೆ ನೋಡಿದ. ಶಕುಂತಲಮ್ಮ ನಂದಿತಾಳ ಕಡೆ ನೋಡಿದರು. ನಂದಿತಾ ಆಗಲೇ ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಲ್ಯಾಪ್‌ಟಾಪು ತೆರೆದಿದ್ದಳು. ಮಿಷನ್ನು ಓದುವ ಆ ಸಾಲನ್ನು ಅಲ್ಲೇ ತಿದ್ದಿದಳು. ಹತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಪುಟ್ಟತಾಯಮ್ಮ ಕುರ್ಚಿ ಬಿಟ್ಟು ಏಳಲಿಲ್ಲ, ಹಿಂದಿದ್ದ ಯಾರೂ ಬೇಗ ಮಾಡಿ ಎನ್ನಲಿಲ್ಲ.

"ನಿಮ್ಮ ಯಜಮಾನರ ಹೆಸರು ಕರಿಸಿದ್ದಪ್ಪನವರು. ಸರಿಯೇ?"

ಪುಟ್ಟತಾಯಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಕಣ್ಣು ತುಂಬಿತ್ತು, ದನಿ ಮಾತ್ರ ಇಡೀ ಕಟ್ಟೆಗೆ ಕೇಳುವಷ್ಟು ಗಟ್ಟಿಯಾಗಿತ್ತು.

"ಹೂಂ. ಬರ್ಕೊ."